ಸೊನ್ನೆ ಸೇರಿಸಿದರೂ ಪೀಕ್ ಒಂದೇ ಯಾಕೆ?

ಪ್ರಶ್ನೆ: ಸಾರ್, ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಮನೆಯ ಅಡಿಕೆ ಡ್ರೈಯರ್‌ಗೆ ಎರಡು ಬ್ಲೋವರ್ ಇವೆ, ಒಂದೇ ಕಬ್ಬಿಣದ ಫ್ರೇಮ್ ಮೇಲೆ. ಎರಡೂ ಓಡುವಾಗ ವೂಂ... ವೂಂ... ಅಂತ ಅದುರು ಏರಿ ಇಳಿಯುತ್ತದೆ. ಟ್ಯಾಕೋಮೀಟರ್ ಹಿಡಿದರೆ ಒಂದು 1440 ಆರ್‌ಪಿಎಂ, ಇನ್ನೊಂದು 1470. ಅಂದರೆ 24 ಮತ್ತು 24.5 ಹರ್ಟ್ಜ್. ಫ್ರೇಮ್ ಮೇಲೆ ಫೋನ್ ಇಟ್ಟು, ಅದರ ಆಕ್ಸೆಲೆರೋಮೀಟರ್‌ನಿಂದ ಸೆಕೆಂಡಿಗೆ 100 ಸ್ಯಾಂಪಲ್‌ನಂತೆ 1 ಸೆಕೆಂಡ್ ರೆಕಾರ್ಡ್ ಮಾಡಿದೆ. 100 ಪಾಯಿಂಟ್ ಎಫ್‌ಎಫ್‌ಟಿಯಲ್ಲಿ 24ರಲ್ಲಿ ಪೀಕ್ ಬಂತು. 1 ಹರ್ಟ್ಜ್ ಬಿನ್ ಸಾಲದು ಅಂತ ಸೊನ್ನೆ ಸೇರಿಸಿ 1600 ಪಾಯಿಂಟ್ ಮಾಡಿದೆ. ಈಗ ಬಿನ್ ಅಂತರ 0.0625 ಹರ್ಟ್ಜ್. ಆದರೂ ಎರಡು ಪೀಕ್ ಇಲ್ಲ, 24.25ರಲ್ಲಿ ಒಂದೇ ದಪ್ಪ ಪೀಕ್. ಅದು 1455 ಆರ್‌ಪಿಎಂ. ಅಂಥ ಮೋಟಾರೇ ನಮ್ಮಲ್ಲಿಲ್ಲ! ಜೊತೆಗೆ ಸೊನ್ನೆ ಸೇರಿಸಿದ ಮೇಲೆ ಇಡೀ ಗ್ರಾಫ್‌ನಲ್ಲಿ ಅಲೆಗಳು ಬಂದವು. ಸರಾಸರಿ ಕಳೆದ ಮೇಲೆ ಕಡಿಮೆಯಾದವು, ಯಾಕೆ ಅಂತ ಗೊತ್ತಾಗಲಿಲ್ಲ. ನನ್ನ ಕೋಡ್ ತಪ್ಪಾ? ಇನ್ನೂ ಜಾಸ್ತಿ ಸೊನ್ನೆ ಸೇರಿಸಬೇಕಾ?

ಉತ್ತರ: ಕೋಡ್ ಸರಿ ಇದೆ. ಟ್ಯಾಕೋಮೀಟರ್ ಕೂಡ ಸರಿ ಇದೆ. 1600ರ ಬದಲು 16,000 ಪಾಯಿಂಟ್ ಮಾಡಿದರೂ ಪೀಕ್ 24.25ರಲ್ಲೇ ಕೂತಿರುತ್ತದೆ, ಗೆರೆ ಇನ್ನಷ್ಟು ನುಣುಪಾಗುತ್ತದೆ ಅಷ್ಟೇ. ನಿಮ್ಮ ಆ ಒಂದು ಸೆಕೆಂಡಿನ ರೆಕಾರ್ಡ್‌ನಲ್ಲಿ 24.25ರ ಪೀಕ್ ನಿಜವಾಗಿಯೂ ಇದೆ. ಅದು ಎಲ್ಲಿಂದ ಬಂತು ಅಂತ ಮೊದಲು ನೋಡೋಣ. ಆಮೇಲೆ ಏನು ಮಾಡಬೇಕು ಅನ್ನೋದು ತಾನಾಗಿಯೇ ಗೊತ್ತಾಗುತ್ತದೆ.

ನಿಮ್ಮ ಕೈಯಲ್ಲಿ 100 ಸಂಖ್ಯೆಗಳಿವೆ. ಅವನ್ನು x[0]ಯಿಂದ x[99] ಅನ್ನೋಣ. ಇವುಗಳ ಡಿಟಿಎಫ್‌ಟಿ ಅಂದರೆ ಇದು:

```
X(f) = Σ x[n] · e^(-j2πfn/fs),   n = 0 … N-1
```

ಇಲ್ಲಿ f ಯಾವ ಬೆಲೆಯಾದರೂ ಆಗಬಹುದು. 24 ಆಗಬಹುದು, 24.1 ಆಗಬಹುದು, 24.0973 ಕೂಡ ಆಗಬಹುದು. ಪ್ರತಿ f ಗೂ ಒಂದು ಉತ್ತರ ಸಿಗುತ್ತದೆ. ಅಂದರೆ ಡಿಟಿಎಫ್‌ಟಿ ಒಂದು ಎಡೆಬಿಡದ ಗೆರೆ, ಮಧ್ಯೆ ಎಲ್ಲೂ ಖಾಲಿ ಜಾಗವಿಲ್ಲ. ಆದರೆ ಕಂಪ್ಯೂಟರ್‌ಗೆ ಎಲ್ಲ f ಗಳಲ್ಲೂ ಲೆಕ್ಕ ಹಾಕಲು ಆಗುವುದಿಲ್ಲ. ಹಾಗಾಗಿ ಸಮಾನ ಅಂತರದ ಕೆಲವು ಜಾಗಗಳನ್ನು ಆರಿಸಿಕೊಳ್ಳುತ್ತದೆ. f = k·fs/N ಆದ N ಜಾಗಗಳಲ್ಲಿ ಇದೇ ಮೊತ್ತವನ್ನು ಲೆಕ್ಕ ಹಾಕಿದರೆ ಅದು ಡಿಎಫ್‌ಟಿ. ಆ ಲೆಕ್ಕವನ್ನು ಬೇಗ ಮುಗಿಸುವ ಉಪಾಯಕ್ಕೆ ಎಫ್‌ಎಫ್‌ಟಿ ಅಂತ ಹೆಸರು. ನಿಮ್ಮಲ್ಲಿ fs = 100, N = 100. ಹಾಗಾಗಿ 0, 1, 2, 3 ಹೀಗೆ ಒಂದೊಂದು ಹರ್ಟ್ಜ್‌ಗೆ ಒಂದು ಬೆಲೆ ಸಿಕ್ಕಿತು.

ಪಾಠದಲ್ಲಿ ಡಿಟಿಎಫ್‌ಟಿ ಒಂದು ಅಧ್ಯಾಯ, ಡಿಎಫ್‌ಟಿ ಇನ್ನೊಂದು ಅಧ್ಯಾಯ. ಪರೀಕ್ಷೆಯಲ್ಲೂ ಬೇರೆ ಬೇರೆ ಪ್ರಶ್ನೆ. ಹಾಗಾಗಿ ಇವು ಎರಡು ಬೇರೆ ಸಾಮಾನು ಅನ್ನೋ ಭಾವನೆ ತುಂಬಾ ವಿದ್ಯಾರ್ಥಿಗಳಲ್ಲಿ ಉಳಿದುಬಿಡುತ್ತದೆ. ಹಾಗೇನಿಲ್ಲ. ಗೆರೆ ಡಿಟಿಎಫ್‌ಟಿಯದು, ಆ ಗೆರೆಯ ಮೇಲೆ ಇಟ್ಟ ಚುಕ್ಕಿಗಳು ಡಿಎಫ್‌ಟಿಯವು.

ಈಗ ಸೊನ್ನೆ ಸೇರಿಸಿ. x[100]ರಿಂದ x[1599]ರವರೆಗೆ ಎಲ್ಲ ಸೊನ್ನೆ. ಮೇಲಿನ ಮೊತ್ತಕ್ಕೆ ಇವು ಏನು ಕೊಡುತ್ತವೆ? ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ. ಆದ್ದರಿಂದ X(f) ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಬದಲಾಗಿದ್ದು ಒಂದೇ: ಚುಕ್ಕಿ ಇಡುವ ಜಾಗ. ಮೊದಲು k·100/100ರಲ್ಲಿ ಇಡುತ್ತಿದ್ದಿರಿ, ಈಗ k·100/1600ರಲ್ಲಿ ಇಡುತ್ತಿದ್ದೀರಿ. ಹಳೆಯ ಪ್ರತಿ ಎರಡು ಚುಕ್ಕಿಗಳ ನಡುವೆ ಹೊಸದಾಗಿ 15 ಚುಕ್ಕಿಗಳು ಬಂದವು. ಹಳೆಯವು ಇದ್ದ ಕಡೆಯೇ ಇವೆ, ಬೇಕಾದರೆ ಪ್ರತಿ ಹದಿನಾರನೆಯ ಬೆಲೆಯನ್ನು ತೆಗೆದು ಹೋಲಿಸಿ ನೋಡಿ.

ಕುಂದಾದ್ರಿಯ ಎತ್ತರವನ್ನು 100 ಕಡೆ ಅಳೆದು ನಕ್ಷೆ ಬರೆದರೂ, 1600 ಕಡೆ ಅಳೆದು ಬರೆದರೂ ಗುಡ್ಡ ಅದೇ. ಎರಡನೆಯ ನಕ್ಷೆಯಲ್ಲಿ ನೆತ್ತಿ ಎಲ್ಲಿದೆ ಅನ್ನೋದು ಸರಿಯಾಗಿ ಕಾಣುತ್ತದೆ. ಆದರೆ ಜಾಸ್ತಿ ಕಡೆ ಅಳೆದ ಮಾತ್ರಕ್ಕೆ ಗುಡ್ಡ ಎರಡಾಗಿ ಸೀಳುವುದಿಲ್ಲ.

ನಿಮಗೆ ಮೊದಲು 24ರಲ್ಲಿ ಪೀಕ್ ಬಂದಿದ್ದು, ಆಮೇಲೆ 24.25ಕ್ಕೆ ಸರಿದಿದ್ದು ಇದಕ್ಕೇ. ಗೆರೆಯ ನೆತ್ತಿ ಮೊದಲಿಂದಲೂ 24.25ರಲ್ಲೇ ಇತ್ತು. 24 ಮತ್ತು 25ರಲ್ಲಿ ಮಾತ್ರ ಚುಕ್ಕಿ ಇದ್ದಾಗ, ನೆತ್ತಿಗೆ ಹತ್ತಿರದ 24 ದೊಡ್ಡದಾಗಿ ಕಂಡಿತು. ಅದು 1440 ಆರ್‌ಪಿಎಂಗೆ ಸರಿಹೊಂದಿದ್ದು ಕಾಕತಾಳೀಯ. ಸೊನ್ನೆ ಸೇರಿಸುವ ಮೊದಲಿನ ಉತ್ತರವೇ ವಾಸಿ ಅಂತ ನಿಮಗೆ ಅನ್ನಿಸಿರಬಹುದು. ಅದೂ ಸರಿಯಾದ ಉತ್ತರ ಆಗಿರಲಿಲ್ಲ.

ಇನ್ನೊಂದು ರೀತಿಯಲ್ಲಿ ಲೆಕ್ಕ ಹಾಕಿ. 100 ಚುಕ್ಕಿಗಳ ಡಿಎಫ್‌ಟಿಯಿಂದ ಹಿಂದಕ್ಕೆ ಹೋದರೆ ಮೂಲ 100 ಸ್ಯಾಂಪಲ್‌ಗಳು ಪೂರ್ತಿ ವಾಪಸ್ ಸಿಗುತ್ತವೆ. ಅವು ಸಿಕ್ಕಿದರೆ X(f) ಎಲ್ಲಿ ಬೇಕಾದರೂ ಸಿಗುತ್ತದೆ. ಅಂದರೆ ಹೊಸ 1500 ಬೆಲೆಗಳನ್ನು ಹಳೆಯ 100 ಬೆಲೆಗಳಿಂದಲೇ ಕೂಡಿಸಿ ಗುಣಿಸಿ ತೆಗೆಯಬಹುದು. ಹಾಗೆ ತೆಗೆಯಬಹುದಾದ ಬೆಲೆಗಳಲ್ಲಿ ಹೊಸ ಮಾಹಿತಿ ಇರಲು ಹೇಗೆ ಸಾಧ್ಯ? ಅದಕ್ಕೇ ಇದು ಇಂಟರ್‌ಪೊಲೇಶನ್. ನಿಖರವಾದ ಇಂಟರ್‌ಪೊಲೇಶನ್ ಹೌದು, ಆದರೆ ಅದಕ್ಕಿಂತ ಜಾಸ್ತಿ ಏನೂ ಅಲ್ಲ.

ಹಾಗಾದರೆ ಎರಡು ಮೋಟಾರ್‌ಗೆ ಒಂದೇ ಗುಡ್ಡ ಯಾಕೆ ಬಂತು? ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ.

ಎಂದೆಂದಿಗೂ ಓಡುವ ಒಂದು ಸೈನ್ ಅಲೆಗೆ ಸ್ಪೆಕ್ಟ್ರಮ್‌ನಲ್ಲಿ ಒಂದು ಚೂಪಾದ ಗೆರೆ ಬರುತ್ತದೆ. ಅದರಲ್ಲಿ T ಸೆಕೆಂಡಿನ ತುಂಡನ್ನು ಕತ್ತರಿಸಿದ ಕೂಡಲೇ ಆ ಗೆರೆ ಹರಡಿಕೊಂಡು ಒಂದು ಲೋಬ್ ಆಗುತ್ತದೆ. ನಡುವೆ ದೊಡ್ಡ ಲೋಬ್, ಎರಡೂ ಕಡೆ ಚಿಕ್ಕ ಚಿಕ್ಕ ಲೋಬ್‌ಗಳು. ದೊಡ್ಡ ಲೋಬ್ ಸೊನ್ನೆ ಮುಟ್ಟುವುದು ನೆತ್ತಿಯಿಂದ 1/T ಹರ್ಟ್ಜ್ ದೂರದಲ್ಲಿ. ಒಟ್ಟು ಅಗಲ 2/T. ನಿಮ್ಮ T ಒಂದು ಸೆಕೆಂಡ್. ಹಾಗಾಗಿ ಪ್ರತಿ ಮೋಟಾರ್‌ನ ಲೋಬ್ 2 ಹರ್ಟ್ಜ್ ಅಗಲ. 24ರಲ್ಲಿ ಒಂದು, 24.5ರಲ್ಲಿ ಇನ್ನೊಂದು, ನಡುವಿನ ಅಂತರ ಅರ್ಧ ಹರ್ಟ್ಜ್. ಇಷ್ಟು ಅಗಲದ ಎರಡು ಲೋಬ್‌ಗಳು ಇಷ್ಟು ಹತ್ತಿರ ನಿಂತರೆ ಒಂದರ ಮೈಮೇಲೆ ಒಂದು ಬೀಳದೆ ಇರುತ್ತವೆಯೇ?

ಗಮನಿಸಿ, ಈ ಅಗಲದಲ್ಲಿ T ಒಂದೇ ಇದೆ. ಸೊನ್ನೆಗಳ ಲೆಕ್ಕ ಇಲ್ಲ, ಎಫ್‌ಎಫ್‌ಟಿ ಉದ್ದ ಇಲ್ಲ. ಸ್ಯಾಂಪಲಿಂಗ್ ರೇಟ್ ಕೂಡ ಇಲ್ಲ. "ಸೆಕೆಂಡಿಗೆ 400 ಸ್ಯಾಂಪಲ್ ತೆಗೆದರೆ N ಜಾಸ್ತಿಯಾಗಿ ರೆಸಲ್ಯೂಶನ್ ಸುಧಾರಿಸುತ್ತದೆ" ಅಂತ ಹೇಳುವವರು ಬಹಳ ಜನ ಇದ್ದಾರೆ. N ಜಾಸ್ತಿಯಾಗುತ್ತದೆ ನಿಜ. ಆದರೆ ಅದೇ ಒಂದು ಸೆಕೆಂಡನ್ನು ಒತ್ತೊತ್ತಾಗಿ ಸ್ಯಾಂಪಲ್ ಮಾಡಿದ್ದೀರಿ. ಮೇಲಿನ ಕಡೆ 50ರ ಬದಲು 200 ಹರ್ಟ್ಜ್‌ವರೆಗೆ ಕಾಣುತ್ತದೆ, 24 ಮತ್ತು 24.5 ಮಾತ್ರ ಹಾಗೇ ಅಂಟಿಕೊಂಡಿರುತ್ತವೆ.

ಇದನ್ನು ಲೋಬ್‌ಗಳ ಮಾತೇ ಇಲ್ಲದೆ, ನಿಮ್ಮ ಕಿವಿಗೆ ಕೇಳಿದ ವೂಂ ವೂಂನಿಂದಲೇ ನೋಡಬಹುದು. ಹೈಸ್ಕೂಲಿನ ತ್ರಿಕೋನಮಿತಿ ಸಾಕು. ಎರಡೂ ಅದುರುಗಳ ಬಲ ಸಮ ಅಂತ ಇಟ್ಟುಕೊಳ್ಳಿ:

```
cos(2π·24t) + cos(2π·24.5t) = 2·cos(2π·0.25t)·cos(2π·24.25t)
```

ಬಲಗಡೆ ನೋಡಿ. 24.25 ಹರ್ಟ್ಜ್ ಅಲ್ಲಿದೆ! ಎರಡು ಮೋಟಾರ್ ಕೂಡಿದ ಅದುರು ಅಂದರೆ 24.25 ಹರ್ಟ್ಜ್‌ನ ಒಂದು ಅಲೆ, ಅದರ ಎತ್ತರ ನಿಧಾನವಾಗಿ ಏರಿ ಇಳಿಯುತ್ತದೆ. ಏರಿಳಿತ ಎರಡು ಸೆಕೆಂಡಿಗೆ ಒಮ್ಮೆ. ನೀವು ಫ್ರೇಮ್ ಪಕ್ಕ ನಿಂತು ಕೇಳಿದ್ದು ಇದನ್ನೇ. ನಿಮ್ಮ ರೆಕಾರ್ಡ್‌ನ ಮಧ್ಯ ಭಾಗ ವೂಂ ಜೋರಾಗಿದ್ದ ಹೊತ್ತಿಗೆ ಬಿದ್ದಿದೆ ಅಂತ ಕಾಣುತ್ತದೆ. ಆಗ ಅದರ ಎರಡು ತುದಿಗಳಲ್ಲಿ ಎತ್ತರ cos(π/4), ಅಂದರೆ ನಡುವಿನ ಎತ್ತರದ 70 ಪರ್ಸೆಂಟ್‌ನಷ್ಟು. ಅದುರು ಪೂರ್ತಿ ಸೊರಗಿ ಮತ್ತೆ ಏರುವುದು ರೆಕಾರ್ಡ್‌ನಲ್ಲಿ ಇಲ್ಲವೇ ಇಲ್ಲ. ಈ ತುಂಡನ್ನು ಮಾತ್ರ ನೋಡಿದವರಿಗೆ ಇದು ತುದಿಯಲ್ಲಿ ಸ್ವಲ್ಪ ಕುಗ್ಗಿದ 24.25 ಹರ್ಟ್ಜ್ ಅಲೆ, ಅಷ್ಟೇ. ಎಫ್‌ಎಫ್‌ಟಿ ನಿಮಗೆ ಹೇಳಿದ್ದೂ ಅದನ್ನೇ.

ಇಲ್ಲೇ ಇನ್ನೊಂದು ಗುಂಡಿ ಇದೆ. ನೀವು ಅದಕ್ಕೆ ಬಿದ್ದಿಲ್ಲ, ಆದರೆ ಬೀಳುವ ಸಾಧ್ಯತೆ ಬಹಳ ಇತ್ತು. ಅದೇ ಒಂದು ಸೆಕೆಂಡ್, ಆದರೆ ಈ ಸಲ ಅದುರು ಪೂರ್ತಿ ಸೊರಗಿದ ಕ್ಷಣ ರೆಕಾರ್ಡ್‌ನ ಮಧ್ಯಕ್ಕೆ ಬಿತ್ತು ಅಂದುಕೊಳ್ಳಿ. ಆಗ ಎರಡು ಲೋಬ್‌ಗಳು ವಿರುದ್ಧ ಚಿಹ್ನೆಯವಾಗಿ ಕೂಡುತ್ತವೆ. ಸರಿಯಾಗಿ 24.25ರಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಸೊನ್ನೆ ಸೇರಿಸಿದ ಗ್ರಾಫ್‌ನಲ್ಲಿ ನಡುವೆ ಆಳವಾದ ಕಣಿವೆ, ಎರಡೂ ಕಡೆ ಚೆಂದದ ಎರಡು ಪೀಕ್! ನೋಡಿದವರಿಗೆ "ಆಹಾ, ಝೀರೋ ಪ್ಯಾಡಿಂಗ್ ಕೆಲಸ ಮಾಡಿತು" ಅನ್ನಿಸುತ್ತದೆ. ಆದರೆ ಆ ಪೀಕ್‌ಗಳು ಬರುವುದು ಸುಮಾರು 23.6 ಮತ್ತು 24.9ರಲ್ಲಿ. ಆರ್‌ಪಿಎಂನಲ್ಲಿ ಹೇಳಿದರೆ ಹತ್ತಿರ ಹತ್ತಿರ 1415 ಮತ್ತು 1495. ಎರಡೂ ಸುಳ್ಳು. ನಿಜವಾದ ಅಂತರ ಅರ್ಧ ಹರ್ಟ್ಜ್, ಗ್ರಾಫ್ ತೋರಿಸುವುದು 1.3 ಹರ್ಟ್ಜ್‌ಗಿಂತ ಜಾಸ್ತಿ. ನಿಮ್ಮ ಹತ್ತಿರ ಟ್ಯಾಕೋಮೀಟರ್ ಇಲ್ಲದಿದ್ದರೆ ಇದನ್ನೇ ನಂಬಿಬಿಡುತ್ತಿದ್ದಿರಿ.

ಎರಡನ್ನೂ ಮನೆಯಲ್ಲೇ ನೋಡಬಹುದು:

```python
import numpy as np
fs, T, M = 100, 1, 1600
N = fs * T
t = (np.arange(N) - (N - 1) / 2) / fs
x = np.cos(2*np.pi*24*t) + np.cos(2*np.pi*24.5*t)
X = np.abs(np.fft.rfft(x, M))
print(np.argmax(X) * fs / M)
```

ಇದನ್ನು ಓಡಿಸಿದರೆ 24.25 ಬರುತ್ತದೆ. ಇಲ್ಲಿ t ಯನ್ನು ರೆಕಾರ್ಡ್‌ನ ಮಧ್ಯದಿಂದ ಎಣಿಸಿದ್ದೇನೆ, ಹಾಗಾಗಿ ವೂಂ ಜೋರಾಗಿರುವ ಕ್ಷಣ ನಡುವೆ ಬಂದಿದೆ. ಎರಡು `np.cos` ಗಳ ನಡುವಿನ ಕೂಡು ಚಿಹ್ನೆಯನ್ನು ಕಳೆಯುವ ಚಿಹ್ನೆ ಮಾಡಿ X ನ ಗ್ರಾಫ್ ಬರೆಯಿರಿ, ಸುಳ್ಳು ಜೋಡಿ ಕಾಣುತ್ತದೆ. M ಅನ್ನು ಎಷ್ಟು ಬೇಕಾದರೂ ಏರಿಸಿ, ಎರಡೂ ಸಂದರ್ಭದಲ್ಲಿ ಪೀಕ್‌ಗಳು ಕದಲುವುದಿಲ್ಲ. ಆಮೇಲೆ T ಯನ್ನು 4 ಮಾಡಿ ನೋಡಿ. ಆಗ ಕೂಡಿದರೂ ಕಳೆದರೂ 24 ಮತ್ತು 24.5ರ ಹತ್ತಿರ ಎರಡು ಪೀಕ್.

ಈಗ ಆ ಅಲೆಗಳ ವಿಷಯ. ಸೊನ್ನೆ ಸೇರಿಸಿದ್ದರಿಂದ ಅವು ಹುಟ್ಟಿದವು ಅಂತ ಅನೇಕರು ತಿಳಿಯುತ್ತಾರೆ. ಹುಟ್ಟಲಿಲ್ಲ, ಇದ್ದದ್ದು ಕಂಡಿತು. ಫೋನನ್ನು ಮಲಗಿಸಿ ಇಟ್ಟಾಗ ಅದರ ಮೇಲ್ಮುಖ ಅಕ್ಷದಲ್ಲಿ ಭೂಮಿಯ ಸೆಳೆತ ಸೇರಿರುತ್ತದೆ, ಸುಮಾರು 9.8 ಮೀಟರ್ ಪ್ರತಿ ಸೆಕೆಂಡ್ ವರ್ಗ. ಅದು 0 ಹರ್ಟ್ಜ್‌ನ ಸಿಗ್ನಲ್. ಒಂದು ಸೆಕೆಂಡಿಗೆ ಕತ್ತರಿಸಿದ್ದರಿಂದ ಅದಕ್ಕೂ ಲೋಬ್‌ಗಳು ಬಂದವು. ಅವು ದೂರ ಹೋದಂತೆ ಕುಗ್ಗುತ್ತವೆ. ಆದರೂ 24 ಹರ್ಟ್ಜ್ ಸುತ್ತಮುತ್ತ ಬರುವಾಗ ಮೂಲದ ಸುಮಾರು ಒಂದೂವರೆ ಪರ್ಸೆಂಟ್ ಉಳಿದಿರುತ್ತದೆ. 9.8ರಲ್ಲಿ ಅಷ್ಟು ಅಂದರೆ 0.14. ನಿಮ್ಮ ಬ್ಲೋವರ್‌ನ ಅದುರಿನ ಎತ್ತರ 0.2 ಅಂದುಕೊಂಡರೆ, ಅದರ ಪೀಕ್ ಇದೇ ಅಳತೆಯಲ್ಲಿ 0.1. ಸೈನ್ ಅಲೆಯ ಅರ್ಧ ಪಾಲು ಋಣ ಫ್ರೀಕ್ವೆನ್ಸಿ ಕಡೆ ಹೋಗುತ್ತದೆ ನೋಡಿ, ಅದಕ್ಕೆ. ಹೀಗೆ ಸೆಳೆತದ ಬಾಲ ಮೋಟಾರ್‌ನ ತಲೆಗಿಂತ ಎತ್ತರವಾಗಿಬಿಡುತ್ತದೆ.

100 ಪಾಯಿಂಟ್ ಎಫ್‌ಎಫ್‌ಟಿಯಲ್ಲಿ ಇದು ಯಾಕೆ ಕಾಣಲಿಲ್ಲ? 0 ಹರ್ಟ್ಜ್‌ನ ಲೋಬ್‌ಗಳು ಸೊನ್ನೆ ಮುಟ್ಟುವುದು ಸರಿಯಾಗಿ 1, 2, 3 ಹರ್ಟ್ಜ್‌ಗಳಲ್ಲಿ. ನಿಮ್ಮ ಚುಕ್ಕಿಗಳು ಇದ್ದಿದ್ದೂ ಅಲ್ಲೇ. ಪ್ರತಿ ಚುಕ್ಕಿಯೂ ಕಣಿವೆಯ ತಳಕ್ಕೆ ಬಿದ್ದು ಗ್ರಾಫ್ ಸ್ವಚ್ಛವಾಗಿ ಕಂಡಿತು. ನಡುವೆ ಚುಕ್ಕಿ ಇಟ್ಟ ಕೂಡಲೇ ದಿಬ್ಬಗಳು ಕಂಡವು. ಸರಾಸರಿ ಕಳೆದಾಗ ಭೂಮಿಯ ಸೆಳೆತವೇ ಹೋಯಿತು, ಅದರ ಬಾಲವೂ ಹೋಯಿತು. ನೀವು ಮಾಡಿದ್ದು ಸರಿ. ಆದರೆ ಕ್ರಮ ತಪ್ಪಬಾರದು. ಮೊದಲು ಸರಾಸರಿ ಕಳೆಯಬೇಕು, ಆಮೇಲೆ ಸೊನ್ನೆ ಸೇರಿಸಬೇಕು. 1600 ಪಾಯಿಂಟ್ ಆದ ಮೇಲೆ ಸರಾಸರಿ ತೆಗೆದರೆ ಅದು 9.8ರ ಹದಿನಾರನೇ ಒಂದು ಭಾಗ ಮಾತ್ರ ಬರುತ್ತದೆ, ಅದನ್ನು ಕಳೆದು ಏನೂ ಪ್ರಯೋಜನವಿಲ್ಲ. ಈಗ ಉಳಿದಿರುವ ಚಿಕ್ಕ ಅಲೆಗಳು 24.25ರ ಪೀಕ್‌ನದೇ ಪಕ್ಕದ ಲೋಬ್‌ಗಳು. ಒಂಟಿ ಸೈನ್ ಅಲೆಗೆ ಅವುಗಳಲ್ಲಿ ಮೊದಲನೆಯದು ನಡುವಿನ ಪೀಕ್‌ನ 22 ಪರ್ಸೆಂಟ್‌ನಷ್ಟು ಎತ್ತರ, ಅಂದರೆ 13 ಡೆಸಿಬೆಲ್ ಕೆಳಗೆ.

ಇಷ್ಟು ಹೇಳಿದ ಮೇಲೆ ಝೀರೋ ಪ್ಯಾಡಿಂಗ್ ದಂಡ ಅಂತ ನೀವು ಬಿಟ್ಟುಬಿಡಬೇಡಿ. ನಾನು ಅದನ್ನು ಹೆಚ್ಚು ಕಡಿಮೆ ಪ್ರತಿ ಸಲವೂ ಬಳಸುತ್ತೇನೆ. ಪೀಕ್ ಒಂಟಿಯಾಗಿದ್ದಾಗ ಅದರ ಉಪಯೋಗ ದೊಡ್ಡದು. ನಿಜವಾದ ಫ್ರೀಕ್ವೆನ್ಸಿ ಎರಡು ಬಿನ್‌ಗಳ ನಟ್ಟನಡುವೆ ಬಿದ್ದರೆ, ಪ್ಯಾಡಿಂಗ್ ಇಲ್ಲದ ಎಫ್‌ಎಫ್‌ಟಿ ಪೀಕ್‌ನ ಎತ್ತರವನ್ನು 36 ಪರ್ಸೆಂಟ್ ಕಡಿಮೆ ತೋರಿಸುತ್ತದೆ. ಜಾಗವನ್ನು ಅರ್ಧ ಬಿನ್ ತಪ್ಪು ಹೇಳುತ್ತದೆ. ಹದಿನಾರು ಪಟ್ಟು ಪ್ಯಾಡ್ ಮಾಡಿದರೆ ಎರಡೂ ತಪ್ಪು ಮಾಯ. ಅದಕ್ಕೇ ನಿಮಗೆ ಒಂದು ಸುಲಭದ ದಾರಿ ಹೇಳುತ್ತೇನೆ: 1470ರ ಬ್ಲೋವರ್ ನಿಲ್ಲಿಸಿ, 1440ರದು ಮಾತ್ರ ರೆಕಾರ್ಡ್ ಮಾಡಿ. ಅದೇ ಒಂದು ಸೆಕೆಂಡಿನ ರೆಕಾರ್ಡ್, ಅದೇ 1600 ಪಾಯಿಂಟ್. ಈಗ ಪೀಕ್ 24ರ ಪಕ್ಕದಲ್ಲೇ ಬರುತ್ತದೆ, ಗದ್ದಲ ಕಡಿಮೆ ಇದ್ದರೆ ತಪ್ಪು ಹತ್ತನೇ ಒಂದು ಹರ್ಟ್ಜ್ ಕೂಡ ಇರುವುದಿಲ್ಲ. ಲೋಬ್ ಈಗಲೂ 2 ಹರ್ಟ್ಜ್ ಅಗಲವೇ. ಆದರೆ ಒಂದೇ ಲೋಬ್ ಇದ್ದಾಗ ಅದರ ನೆತ್ತಿ ಎಲ್ಲಿದೆ ಅಂತ ಹುಡುಕಲು ಅಗಲ ಅಡ್ಡ ಬರುವುದಿಲ್ಲ. ಒಂದರ ಜಾಗವನ್ನು ಎಷ್ಟು ಸರಿಯಾಗಿ ಹೇಳಬಹುದು ಅನ್ನೋದೇ ಬೇರೆ, ಎರಡನ್ನು ಎರಡು ಅಂತ ಗುರುತಿಸಬಹುದಾ ಅನ್ನೋದೇ ಬೇರೆ. ಪ್ಯಾಡಿಂಗ್ ನೆರವಾಗುವುದು ಮೊದಲನೆಯದಕ್ಕೆ ಮಾತ್ರ.

ಈ ದಾರಿಯ ತೊಂದರೆ ಏನೆಂದರೆ, ಒಂದು ಬ್ಲೋವರ್ ನಿಂತಾಗ ಗಾಳಿಯ ಒತ್ತಡ ಬದಲಾಗಿ ಓಡುತ್ತಿರುವ ಮೋಟಾರ್ ಮೇಲಿನ ಲೋಡ್ ಕೂಡ ಬದಲಾಗಬಹುದು. ಇಂಡಕ್ಷನ್ ಮೋಟಾರ್‌ನ ವೇಗ ಲೋಡ್ ನೋಡಿಕೊಂಡು ಓಡುತ್ತದೆ. ನಿಮ್ಮವು ನಾಲ್ಕು ಪೋಲ್‌ನ ಮೋಟಾರ್‌ಗಳು, 50 ಹರ್ಟ್ಜ್ ಕರೆಂಟಿಗೆ 1500ರ ಕೆಳಗೆ ಎಲ್ಲೋ ಒಂದು ಕಡೆ ನಿಲ್ಲುತ್ತವೆ. ಹಾಗಾಗಿ ಒಂಟಿಯಾಗಿ ಓಡುವಾಗ ಸಿಕ್ಕ ಸಂಖ್ಯೆ ಜೋಡಿಯಾಗಿ ಓಡುವಾಗಿನ ಸಂಖ್ಯೆಯೇ ಆಗಿರಬೇಕೆಂದಿಲ್ಲ.

ಎರಡೂ ಓಡುವಾಗಲೇ ಬೇರ್ಪಡಿಸಬೇಕು ಅಂದರೆ ಜಾಸ್ತಿ ಹೊತ್ತು ರೆಕಾರ್ಡ್ ಮಾಡಬೇಕು, ಎಫ್‌ಎಫ್‌ಟಿಯಲ್ಲಿ ಬೇರೆ ಉಪಾಯವಿಲ್ಲ. ಎಷ್ಟು ಹೊತ್ತು? ಅಂತರ 0.5 ಹರ್ಟ್ಜ್. ಅದರ ವಿಲೋಮ 2 ಸೆಕೆಂಡ್. ಅಷ್ಟರಲ್ಲಿ ಒಂದು ಪೂರ್ತಿ ವೂಂ ಮುಗಿಯುತ್ತದೆ. ಪುಸ್ತಕಗಳಲ್ಲಿ ರೆಸಲ್ಯೂಶನ್ 1/T ಅಂತ ಬರೆದಿರುತ್ತಾರಲ್ಲ, ಅದರ ಪ್ರಕಾರ 2 ಸೆಕೆಂಡ್ ಸಾಕು. ಕೆಲಸದಲ್ಲಿ ಸಾಲದು. ಎರಡು ಸೆಕೆಂಡ್‌ನಲ್ಲಿ ಪ್ರತಿ ಲೋಬ್ ನಟ್ಟನಡುವೆ ತನ್ನ ನೆತ್ತಿಯ 64 ಪರ್ಸೆಂಟ್ ಇರುತ್ತದೆ. ಎರಡೂ ಒಂದೇ ಚಿಹ್ನೆಯಲ್ಲಿ ಕೂಡಿದರೆ 127 ಪರ್ಸೆಂಟ್, ನಡುವೆ ಕಣಿವೆಯ ಬದಲು ದಿಬ್ಬ! ವಿರುದ್ಧ ಚಿಹ್ನೆಯಲ್ಲಿ ಕೂಡಿದರೆ ಪೂರ್ತಿ ಸೊನ್ನೆ. ಅಂದರೆ ಎರಡು ಪೀಕ್ ಕಾಣುವುದು ಬಿಡುವುದು ನೀವು ಬಟನ್ ಒತ್ತಿದ ಕ್ಷಣದ ಮೇಲೆ ನಿಂತಿದೆ. 4 ಸೆಕೆಂಡ್ ಮಾಡಿದರೆ ನಟ್ಟನಡುವೆ ಎರಡೂ ಲೋಬ್‌ಗಳು ಸೊನ್ನೆ ಮುಟ್ಟುತ್ತವೆ, ಯಾವ ಕ್ಷಣದಲ್ಲಿ ಶುರು ಮಾಡಿದರೂ ಕಣಿವೆ ಗ್ಯಾರಂಟಿ. ಹಾಗಾಗಿ ನಾನು ಅಂತರದ ವಿಲೋಮದ ದುಪ್ಪಟ್ಟು ಅಂತ ಲೆಕ್ಕ ಇಟ್ಟುಕೊಳ್ಳುತ್ತೇನೆ.

ಹ್ಯಾನ್ ವಿಂಡೋ ಹಾಕುವುದಾದರೆ ಇನ್ನೂ ದುಪ್ಪಟ್ಟು, ಅಂದರೆ 8 ಸೆಕೆಂಡ್. ಹ್ಯಾನ್ ಪಕ್ಕದ ಲೋಬ್‌ಗಳನ್ನು ಚೆನ್ನಾಗಿ ತಗ್ಗಿಸುತ್ತದೆ, 13 ಡೆಸಿಬೆಲ್ ಇದ್ದದ್ದು 31ಕ್ಕೆ ಇಳಿಯುತ್ತದೆ. ಆದರೆ ನಡುವಿನ ಲೋಬ್‌ನ ಅಗಲ 4/T ಆಗುತ್ತದೆ. ನಾಲ್ಕೇ ಸೆಕೆಂಡಿನ ರೆಕಾರ್ಡ್‌ಗೆ ಹ್ಯಾನ್ ಹಾಕಿದರೆ ನಿಮ್ಮ ಎರಡು ಪೀಕ್ ಮತ್ತೆ ಅಂಟಿಕೊಳ್ಳಬಹುದು. ನಿಮ್ಮ ಎರಡು ಮೋಟಾರ್‌ಗಳ ಅದುರು ಹೆಚ್ಚು ಕಡಿಮೆ ಸಮ ಇದ್ದರೆ ವಿಂಡೋ ಇಲ್ಲದೆಯೂ ನಡೆಯುತ್ತದೆ. ಒಂದು ತುಂಬಾ ಜೋರು, ಇನ್ನೊಂದು ಮೆಲ್ಲಗೆ ಇದ್ದರೆ ಮಾತ್ರ ಜೋರಿನದರ ಪಕ್ಕದ ಲೋಬ್ ಮೆಲ್ಲನೆಯದನ್ನು ನುಂಗುತ್ತದೆ. ಆಗ ಹ್ಯಾನ್ ಬೇಕೇ ಬೇಕು. ವಿಂಡೋವನ್ನು ಅಸಲಿ ಸ್ಯಾಂಪಲ್‌ಗಳಿಗೆ ಹಾಕಿ, ಆಮೇಲೆ ಸೊನ್ನೆ ಸೇರಿಸಿ. ಉಲ್ಟಾ ಮಾಡಿದರೆ 1600 ಉದ್ದದ ವಿಂಡೋದ ಮೊದಲ ತುಂಡು ಮಾತ್ರ ನಿಮ್ಮ ಡೇಟಾ ಮೇಲೆ ಬೀಳುತ್ತದೆ. ಆಗ ರೆಕಾರ್ಡ್‌ನ ಶುರು ಅಳಿಸಿಹೋಗುತ್ತದೆ, ಕೊನೆ ಹಾಗೇ ಕತ್ತರಿಸಿ ನಿಲ್ಲುತ್ತದೆ. ಇದನ್ನು ನಾನು ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಆಗಾಗ ನೋಡುತ್ತೇನೆ.

ಹಾಗಂತ ಹತ್ತು ನಿಮಿಷ ರೆಕಾರ್ಡ್ ಮಾಡಿದರೆ ಇನ್ನೂ ಒಳ್ಳೆಯದಾ? ಅಲ್ಲ. ಈ ಲೆಕ್ಕವೆಲ್ಲ ಮೋಟಾರ್‌ನ ವೇಗ ಒಂದೇ ಸಮ ಇದೆ ಅನ್ನೋ ನಂಬಿಕೆಯ ಮೇಲೆ ನಿಂತಿದೆ. ಗ್ರಿಡ್ ಫ್ರೀಕ್ವೆನ್ಸಿ 50ರ ಆಚೀಚೆ ಸದಾ ಕದಲುತ್ತಿರುತ್ತದೆ. ಅದು 0.05 ಹರ್ಟ್ಜ್ ಕದಲಿದರೆ ನಿಮ್ಮ 24 ಹರ್ಟ್ಜ್ ಸುಮಾರು 0.025 ಕದಲುತ್ತದೆ. ನಮ್ಮ ಕಡೆ ಹಳ್ಳಿಯ ಲೈನ್‌ಗಳಲ್ಲಿ ವೋಲ್ಟೇಜ್ ಕೂಡ ಏರುಪೇರಾಗುತ್ತದೆ, ಪಕ್ಕದ ತೋಟದ ಪಂಪ್ ಶುರುವಾದರೆ ಬಲ್ಬ್ ಮಂಕಾಗುವುದನ್ನು ನೀವೇ ನೋಡಿರುತ್ತೀರಿ. ವೋಲ್ಟೇಜ್ ಇಳಿದರೆ ಸ್ಲಿಪ್ ಜಾಸ್ತಿಯಾಗಿ ವೇಗ ಇಳಿಯುತ್ತದೆ. ಆಗ ಪೀಕ್ ರೆಕಾರ್ಡ್‌ನ ಉದ್ದಕ್ಕೆ ತಕ್ಕಂತೆ ಚೂಪಾಗುವ ಬದಲು ಸವರಿಕೊಂಡು ದಪ್ಪವಾಗುತ್ತದೆ. ನಿಮ್ಮ ಕೆಲಸಕ್ಕೆ 8ರಿಂದ 16 ಸೆಕೆಂಡ್ ಸರಿಯಾದ ಅಳತೆ.

ದಪ್ಪ ಪೀಕ್ ಕಂಡಾಗ ಅದು ರೆಕಾರ್ಡ್‌ನ ಗುಣವೋ ಮೋಟಾರ್‌ನ ಗುಣವೋ ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ಅದೇ ರೆಕಾರ್ಡ್‌ನ ಅರ್ಧ ಮಾತ್ರ ತೆಗೆದುಕೊಂಡು ಅದೇ ಉದ್ದಕ್ಕೆ ಪ್ಯಾಡ್ ಮಾಡಿ. ಪೀಕ್ ಸರಿಯಾಗಿ ಎರಡು ಪಟ್ಟು ಅಗಲವಾದರೆ ಆ ಅಗಲ ನಿಮ್ಮ ರೆಕಾರ್ಡ್‌ನದು, ಇನ್ನೂ ಉದ್ದ ಮಾಡಿದರೆ ಲಾಭವಿದೆ. ಅಗಲ ಬದಲಾಗದಿದ್ದರೆ ವೇಗವೇ ಓಲಾಡುತ್ತಿದೆ, ಉದ್ದ ಮಾಡಿ ಪ್ರಯೋಜನವಿಲ್ಲ. ಹಾಗೆಯೇ ಎರಡು ಪೀಕ್ ಕಂಡಾಗ, ರೆಕಾರ್ಡ್‌ನ ಶುರುವನ್ನು ಅರ್ಧ ಸೆಕೆಂಡ್, ಒಂದು ಸೆಕೆಂಡ್ ಹಿಂದೆ ಮುಂದೆ ಸರಿಸಿ ಅದೇ ಉದ್ದದ ತುಂಡು ತೆಗೆದು ನೋಡಿ. ಅಸಲಿ ಪೀಕ್‌ಗಳು ಕದಲುವುದಿಲ್ಲ. ಸುಳ್ಳು ಜೋಡಿ ಒಮ್ಮೆ ಒಂದಾಗುತ್ತದೆ, ಒಮ್ಮೆ ಎರಡಾಗುತ್ತದೆ, ಜಾಗ ಬದಲಿಸುತ್ತದೆ.

ಒಂದು ಸೆಕೆಂಡ್‌ಗಿಂತ ಜಾಸ್ತಿ ಡೇಟಾ ಸಿಗುವುದೇ ಇಲ್ಲ ಅನ್ನೋ ಸಂದರ್ಭಗಳೂ ಇವೆ. ಅಲ್ಲಿ ಮ್ಯೂಸಿಕ್, ಎಸ್ಪ್ರಿಟ್ ಅನ್ನೋ ವಿಧಾನಗಳನ್ನು ಬಳಸುತ್ತಾರೆ, ಅಥವಾ ಎರಡು ಸೈನ್ ಅಲೆಗಳನ್ನು ನೇರವಾಗಿ ಡೇಟಾಕ್ಕೆ ಹೊಂದಿಸುತ್ತಾರೆ. ಅವು 1/T ಗಿಂತ ಹತ್ತಿರದ ಜೋಡಿಯನ್ನೂ ಬಿಡಿಸುತ್ತವೆ. ಆದರೆ ಅಲ್ಲಿ ನೀವು "ಇಲ್ಲಿ ಇರುವುದು ಎರಡೇ ಅಲೆ" ಅಂತ ಮೊದಲೇ ಹೇಳಿರುತ್ತೀರಿ. ಆ ಹೊಸ ಮಾಹಿತಿ ಬಂದಿದ್ದು ನಿಮ್ಮಿಂದ. ನಿಜವಾಗಿ ಮೂರು ಇದ್ದರೆ, ಅಥವಾ ಗದ್ದಲ ಜಾಸ್ತಿ ಇದ್ದರೆ, ಅವು ಅಷ್ಟೇ ಧೈರ್ಯವಾಗಿ ತಪ್ಪು ಉತ್ತರ ಕೊಡುತ್ತವೆ. ಫ್ರೇಮ್ ಮೇಲೆ ಫೋನನ್ನು ಹದಿನಾರು ಸೆಕೆಂಡ್ ಬಿಡಲು ಆಗುವ ನಿಮಗೆ ಅದರ ಗೋಜು ಬೇಡ.

ಹೀಗೆ ಮಾಡಿ. ಫೋನನ್ನು ಫ್ರೇಮ್‌ಗೆ ಗಟ್ಟಿಯಾಗಿ ಟೇಪ್ ಹಾಕಿ ಅಂಟಿಸಿ, ಸುಮ್ನೆ ಇಟ್ಟರೆ ಅದೇ ಕುಣಿಯುತ್ತದೆ. ಡ್ರೈಯರ್ ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ 16 ಸೆಕೆಂಡ್ ರೆಕಾರ್ಡ್ ಮಾಡಿ. ಸ್ಯಾಂಪಲ್‌ಗಳ ಸಮಯದ ಕಾಲಂ ನೋಡಿ, ಫೋನ್ ಹೇಳುವ 100 ಕೆಲವೊಮ್ಮೆ 98 ಇರುತ್ತದೆ, ನಡುವೆ ಅಂತರ ಏರುಪೇರೂ ಆಗಿರುತ್ತದೆ. ಹಾಗಿದ್ದರೆ ಮೊದಲು ಸಮಾನ ಅಂತರಕ್ಕೆ ತನ್ನಿ. ಸರಾಸರಿ ಕಳೆದು, ಹ್ಯಾನ್ ಹಾಕಿ, ನಾಲ್ಕು ಪಟ್ಟು ಪ್ಯಾಡ್ ಮಾಡಿ. ಎತ್ತರ ಸರಿಯಾಗಿ ಬರಲು ವಿಂಡೋದ ಬೆಲೆಗಳ ಮೊತ್ತದಿಂದ ಭಾಗಿಸಿ ಎರಡರಿಂದ ಗುಣಿಸಿ. ಪ್ಯಾಡ್ ಮಾಡಿದ ಉದ್ದದಿಂದ ಭಾಗಿಸಬೇಡಿ, ಸೊನ್ನೆ ಜಾಸ್ತಿಯಾದಷ್ಟೂ ಅದುರು ಕಡಿಮೆ ಅಂತ ತೋರಿಸುತ್ತದೆ.

ಎರಡು ಪೀಕ್ ಬಿಡಿಯಾಗಿ ಬಂದ ಮೇಲೆ ಯಾವುದು ಎತ್ತರ ಅಂತ ನೋಡಿ. 24ರದು ಎತ್ತರವಿದ್ದರೆ 1440ರ ಬ್ಲೋವರ್‌ನ ರೆಕ್ಕೆಗಳನ್ನು ಬಿಚ್ಚಿ ಪರೀಕ್ಷಿಸಿ. ಅಡಿಕೆ ಸಿಪ್ಪೆಯ ನಾರು ಮತ್ತು ಮಸಿ ಒಂದು ಕಡೆ ಮೆತ್ತಿಕೊಂಡು ತೂಕ ಏರುಪೇರಾಗುವುದು ಇಂಥ ಕಡೆ ಮಾಮೂಲಿ. ಒರೆಸಿ, ಮತ್ತೆ ರೆಕಾರ್ಡ್ ಮಾಡಿ, ಆ ಒಂದು ಪೀಕ್ ಎಷ್ಟು ಇಳಿಯಿತು ಅಂತ ಬರೆದು ಕಳಿಸಿ.